12 ಜನರ ಕ್ರಿಯಾಟಿನ್ ಟ್ರಯಲ್ ನಂಬದೆ 160 ಜನರನ್ನು ಕೇಳಿದ್ದು: ನನ್ನ ಅನುಭವ

ಕೋವಿಡ್ ವಾಸಿಯಾದ ಮೇಲೂ ಬಿಡದ ಸುಸ್ತಿಗೆ, ಸ್ನಾಯುಗಳ ಶಕ್ತಿಗೆ ನೆರವಾಗುವ ಕ್ರಿಯಾಟಿನ್ ಪುಡಿ ಕೊಟ್ಟು ನೋಡುವ ನಮ್ಮ ಟ್ರಯಲ್‌ನ ಪ್ರೋಟೋಕಾಲ್ ಕೊನೆಗೂ ಎಥಿಕ್ಸ್ ಕಮಿಟಿಯಲ್ಲಿ ಪಾಸಾಯಿತು. ಅದರ ಲೆಕ್ಕದ ಭಾಗ ನನ್ನದು. "160 ಜನ ಯಾಕ್ರೀ? ಸೆರ್ಬಿಯಾದವರು 12 ಜನರಲ್ಲೇ ತೋರಿಸಿಲ್ವಾ?" ಅಂತ ನಮ್ಮ ತಂಡದ ಡಾಕ್ಟರುಗಳೇ ನಕ್ಕಿದ್ದರು. ಅವರ ಬಾಯಿ ಮುಚ್ಚಿಸಿದ್ದು ಏಳು ಸಾಲಿನ ಕೋಡ್. ಸ್ವಲ್ಪ ಜಂಬ ಪಡುತ್ತೇನೆ, ಬಿಡಿ.

ಅವರು ಹೇಳುತ್ತಿದ್ದದ್ದು ಸೆರ್ಬಿಯಾದ ನೋವಿ ಸಾದ್ ನಗರದ ತಂಡದ 2023ರ ಪೇಪರ್. 12 ರೋಗಿಗಳು, ಅರ್ಧ ಜನಕ್ಕೆ ದಿನಕ್ಕೆ 4 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್, ಉಳಿದವರಿಗೆ ಕ್ರಿಯಾಟಿನ್ ಇಲ್ಲದ ಹುಸಿ ಪುಡಿ ಅಂದರೆ ಪ್ಲಸೀಬೊ, ಆರು ತಿಂಗಳು. ತೊಡೆಯ ಸ್ನಾಯುವಿನಲ್ಲಿ ಮತ್ತು ಮಿದುಳಿನ ಕೆಲವು ಭಾಗಗಳಲ್ಲಿ ಕ್ರಿಯಾಟಿನ್ ಎಷ್ಟಿದೆ ಅಂತ, ದೇಹದೊಳಗಿನ ರಾಸಾಯನಿಕಗಳನ್ನು ಹೊರಗಿನಿಂದಲೇ ನೋಡುವ ಎಂಆರ್‌ಎಸ್ ಸ್ಕ್ಯಾನ್‌ನಲ್ಲಿ ಅಳೆದರು. ಅದು ಏರಿತು, ಪ್ಲಸೀಬೊ ಗುಂಪಿಗಿಂತ ಜಾಸ್ತಿಯೇ ಏರಿತು. ಈ ಭಾಗವನ್ನು ನಾನು ನಂಬುತ್ತೇನೆ. ತಿಂದದ್ದು ಸೇರಬೇಕಾದ ಜಾಗಕ್ಕೆ ಸೇರಿದೆ.

ತಕರಾರು ಸುಸ್ತಿನ ಸಾಲಿನಲ್ಲಿದೆ. ಕ್ರಿಯಾಟಿನ್ ತಗೊಂಡವರ ಸುಸ್ತು ಮೂರು ತಿಂಗಳಲ್ಲಿ ಗಮನಾರ್ಹವಾಗಿ, ಅಂದರೆ ಬರೀ ಆಕಸ್ಮಿಕ ಅಂತ ತಳ್ಳಿಹಾಕಲಾಗದಷ್ಟು, ಇಳಿಯಿತು ಅಂತಿದೆ. ಯಾವುದಕ್ಕೆ ಹೋಲಿಸಿ? ಅವರದೇ ಮೊದಲ ದಿನದ ಅಂಕಕ್ಕೆ. ಪ್ಲಸೀಬೊದವರಿಗೆ ಹೋಲಿಸಿ ಅಲ್ಲ. ವೈರಸ್ ಜ್ವರದ ನಂತರದ ಸುಸ್ತು ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗೇ ಇಳಿಯುತ್ತದೆ. ಅದೂ ಅಲ್ಲದೆ, ಸುಸ್ತು ತೀರಾ ಜಾಸ್ತಿಯಾದಾಗಲೇ ಜನ ಟ್ರಯಲ್‌ಗೆ ಸೇರುವುದು. ಅಲ್ಲಿಂದ ಮುಂದೆ ಅಂಕ ಇಳಿಯಲೇಬೇಕು, ಅಲ್ವಾ?

"ಆದರೆ ಪ್ಲಸೀಬೊದವರಲ್ಲಿ ಇಳಿಕೆ ಗಮನಾರ್ಹ ಆಗದಿದ್ದರೆ ಅದೇ ಸಾಕ್ಷಿ" ಅಂದರು ನಮ್ಮ ಹಿರಿಯ ಡಾಕ್ಟರು. ಬಾಯಿಮಾತಿನಲ್ಲಿ ಎರಡು ಮೀಟಿಂಗ್ ವಾದ ಮಾಡಿದೆ, ನಡೆಯಲಿಲ್ಲ. ಮುಂದಿನ ಸಲ ಲ್ಯಾಪ್‌ಟಾಪ್ ತಿರುಗಿಸಿ ಇದನ್ನು ಓಡಿಸಿದೆ:

```r
n <- 6
r <- replicate(10000, {
  a <- t.test(rnorm(n, -1))$p.value
  b <- t.test(rnorm(n, -1))$p.value
  a < 0.05 & b >= 0.05
})
mean(r)
```

ಗುಂಪಿಗೆ ಆರು ಜನರ ಟ್ರಯಲ್ ಅನ್ನು ಇದು ಕಂಪ್ಯೂಟರಿನಲ್ಲೇ ಹತ್ತು ಸಾವಿರ ಸಲ ನಡೆಸುತ್ತದೆ. ಇಲ್ಲಿ ಎರಡೂ ಗುಂಪಿಗೆ ಆಗುವ ಲಾಭ ಒಂದೇ. `-1` ಎರಡೂ ಕಡೆ ಇದೆ ನೋಡಿ. ಅಂದರೆ ಕ್ರಿಯಾಟಿನ್ ಏನೂ ಮಾಡುತ್ತಿಲ್ಲ. ಆದರೂ ಹೆಚ್ಚುಕಡಿಮೆ 0.25 ಬರುತ್ತದೆ. ನಾಲ್ಕರಲ್ಲಿ ಒಂದು ಸಲ "ಕ್ರಿಯಾಟಿನ್ ಗುಂಪಿನಲ್ಲಿ ಗಮನಾರ್ಹ, ಪ್ಲಸೀಬೊದಲ್ಲಿ ಇಲ್ಲ" ಅನ್ನುವ ಫಲಿತಾಂಶ ಸುಮ್ನೆ ಸಿಗುತ್ತದೆ. ಹಿರಿಯರು `-1` ತೆಗೆದು ಬೇರೆ ಸಂಖ್ಯೆ ಹಾಕಿಸಿದರು, ಇನ್ನೊಮ್ಮೆ ಓಡಿಸಿದರು, ಕಾಫಿ ತರಿಸಿದರು. ಆಮೇಲೆ ವಾದ ಇರಲಿಲ್ಲ.

ಹಾಗಂತ ಆ ಪೇಪರ್ ಸುಳ್ಳು ಅಂತ ನಾನು ಹೇಳಿಲ್ಲ. ಕ್ರಿಯಾಟಿನ್‌ನಿಂದ ನಿಜವಾಗಿ ಅರ್ಧ ಎಸ್‌ಡಿಯಷ್ಟು, ಅಂದರೆ ಜನರಿಂದ ಜನರಿಗೆ ಅಂಕ ಸಾಮಾನ್ಯವಾಗಿ ಏರುಪೇರಾಗುವ ಅಳತೆಯ ಅರ್ಧದಷ್ಟು, ಲಾಭ ಇದೆ ಅಂತಿಟ್ಟುಕೊಳ್ಳಿ. ಗುಂಪಿಗೆ ಆರು ಜನ ಇದ್ದರೆ ಅದು ಕಣ್ಣಿಗೆ ಬೀಳುವುದು ಎಂಟರಲ್ಲಿ ಒಂದು ಸಲ. ಬಿದ್ದರೂ ಅಳತೆ ಉಬ್ಬಿರುತ್ತದೆ, ಯಾಕೆಂದರೆ ವ್ಯತ್ಯಾಸ ಸುಮಾರು 1.3 ಎಸ್‌ಡಿ ದಾಟದೆ ಅಷ್ಟು ಚಿಕ್ಕ ಟ್ರಯಲ್‌ನಲ್ಲಿ ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬಂದು ಗಮನಾರ್ಹ ಅನ್ನಿಸಿಕೊಳ್ಳುವುದೇ ಇಲ್ಲ. ಲಾಭ ಇದೆ ಅಂತಲೂ ಇಲ್ಲ ಅಂತಲೂ ಹೇಳಲಾಗದ ಜಾಗ ಅದು. ಆಕ್ಸ್‌ಫರ್ಡ್‌ನವರದು ಇನ್ನೊಂದು ಕಥೆ. ಎಂಇ/ಸಿಎಫ್‌ಎಸ್ ಅನ್ನುವ ದೀರ್ಘಕಾಲದ ಸುಸ್ತಿನ ಕಾಯಿಲೆ ಇರುವ 14 ಜನರಿಗೆ ದಿನಕ್ಕೆ 16 ಗ್ರಾಂ, ಆರು ವಾರ. ಮಿದುಳಿನಲ್ಲಿ ಕ್ರಿಯಾಟಿನ್ ಏರಿತು, ಸುಸ್ತು ಇಳಿಯಿತು, ಕೈಹಿಡಿತ ಬಲವಾಯಿತು. ಆದರೆ ಪ್ಲಸೀಬೊ ಗುಂಪೇ ಇಲ್ಲ.

ನನಗೆ ಹೆಚ್ಚು ಕಾಡಿದ್ದು 2016ರ ಹಳೆಯ ಟ್ರಯಲ್. ಅದೂ ನೋವಿ ಸಾದ್‌ನವರದೇ. ಸಿಎಫ್‌ಎಸ್ ಇರುವ 21 ಹೆಂಗಸರಿಗೆ ಗ್ವಾನಿಡಿನೋ ಅಸಿಟಿಕ್ ಆಮ್ಲ ಕೊಟ್ಟಿದ್ದರು. ದೇಹ ಇದನ್ನೇ ಕ್ರಿಯಾಟಿನ್ ಮಾಡಿಕೊಳ್ಳುತ್ತದೆ. ಸ್ನಾಯುವಿನಲ್ಲಿ ಕ್ರಿಯಾಟಿನ್ ಚೆನ್ನಾಗಿ ಏರಿತು, ಶಕ್ತಿಯೂ ಸುಧಾರಿಸಿತು. ಆದರೆ ಸುಸ್ತಿನಲ್ಲಿ ಪ್ಲಸೀಬೊಗಿಂತ ವ್ಯತ್ಯಾಸ ಸಿಗಲಿಲ್ಲ. ಅಂದರೆ ಸ್ಕ್ಯಾನ್‌ನಲ್ಲಿ ಕ್ರಿಯಾಟಿನ್ ಏರಿದ್ದನ್ನು ತೋರಿಸಿ "ಸುಸ್ತು ಹೋಯಿತು" ಅನ್ನುವಂತಿಲ್ಲ. ಈ ಪೇಪರ್ ಇಟ್ಟುಕೊಂಡೇ ನಾನು ನಮ್ಮ ಬಜೆಟ್‌ನಿಂದ ಎಂಆರ್‌ಎಸ್ ಕಿತ್ತುಹಾಕಿಸಿದೆ.

ಈಗ ದುಡ್ಡು. ಅರ್ಧ ಎಸ್‌ಡಿ ಹಿಡಿಯಲು ಗುಂಪಿಗೆ 64 ಜನ ಬೇಕು, ನಡುವೆ ಬಿಟ್ಟುಹೋಗುವವರನ್ನು ಸೇರಿಸಿದರೆ 80, ಎರಡೂ ಗುಂಪಿಗೆ 160. ಒಬ್ಬರಿಗೆ ದಿನಕ್ಕೆ 4 ಗ್ರಾಂ, ಮೂರು ತಿಂಗಳು, ಅಂದರೆ 360 ಗ್ರಾಂ. 80 ಜನಕ್ಕೆ 29 ಕೆ.ಜಿ. ಹತ್ತಿರ. ನಮಗೆ ಸಿಕ್ಕ ರೇಟು ಕೆ.ಜಿ.ಗೆ ಎರಡು ಸಾವಿರದ ಆಸುಪಾಸು, ಒಟ್ಟು ಅರವತ್ತು ಸಾವಿರವೂ ಮುಟ್ಟಲಿಲ್ಲ. ಅದೇ ಎಂಆರ್‌ಎಸ್‌ಗೆ ಒಬ್ಬರಿಗೆ ಎರಡು ಸಲ, ಸಲಕ್ಕೆ ಎಂಟು ಸಾವಿರ ಅಂದರೂ 25 ಲಕ್ಷ ದಾಟುತ್ತದೆ. ಸ್ಕ್ಯಾನ್ ಆಸೆಗೆ ಜನರನ್ನು ಕಡಿಮೆ ಮಾಡಿದರೆ ಮತ್ತೆ 12 ಜನರ ಟ್ರಯಲ್ಲೇ ಆಗುತ್ತಿತ್ತು. ಸ್ಕ್ಯಾನ್ ಬಿಟ್ಟು ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ವಿಮೆಗೆ, ಸ್ಯಾಶೆ ಪ್ಯಾಕಿಂಗಿಗೆ, ಜನರನ್ನು ಫೋನಿನಲ್ಲಿ ವಿಚಾರಿಸುವ ಇಬ್ಬರು ಹುಡುಗಿಯರ ಸಂಬಳಕ್ಕೆ ಹೋಯಿತು.

ಅದಕ್ಕೂ ಮೊದಲು, ಒಬ್ಬರಿಗೇ ಒಂದು ಸುತ್ತು ಕ್ರಿಯಾಟಿನ್, ಇನ್ನೊಂದು ಸುತ್ತು ಪ್ಲಸೀಬೊ ಕೊಡುವ ಕ್ರಾಸ್‌ಓವರ್ ಮಾಡೋಣ, ಅರ್ಧ ಜನ ಸಾಕು ಅಂತ ಒಬ್ಬರು ಹಟ ಹಿಡಿದಿದ್ದರು. ಸ್ನಾಯುವಿನಲ್ಲಿ ತುಂಬಿದ ಕ್ರಿಯಾಟಿನ್ ಮೊದಲಿನ ಮಟ್ಟಕ್ಕೆ ಇಳಿಯಲು ಒಂದು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ರೋಗಿಯೇ ಬದಲಾಗಿರುತ್ತಾನೆ. ಮೊದಲ ಸುತ್ತಿನ ಸುಸ್ತು, ಎರಡನೇ ಸುತ್ತಿನ ಸುಸ್ತು ಒಂದೇ ಅಲ್ಲ. ಬಿಟ್ಟೆವು.

ಹೆಚ್ಚು ಹೈರಾಣು ಮಾಡಿದ್ದು ಪ್ಲಸೀಬೊ. ಕ್ರಿಯಾಟಿನ್ ತಣ್ಣೀರಿನಲ್ಲಿ ಸರಿಯಾಗಿ ಕರಗಲ್ಲ, ಲೋಟದ ತಳದಲ್ಲಿ ಮರಳಿನ ಹಾಗೆ ಉಳಿಯುತ್ತದೆ. ಜಿಮ್‌ಗೆ ಹೋಗುವವನಿಗೆ ಒಂದೇ ಗುಟುಕಿಗೆ ಗೊತ್ತಾಗುತ್ತದೆ. ನಾವೇ ಆಫೀಸಿನಲ್ಲಿ ಕುಡಿದು ಪರೀಕ್ಷೆ ಮಾಡಿದೆವು. ಗ್ಲೂಕೋಸ್ ಪುಡಿ ಪೂರ್ತಿ ಕರಗಿ ಸಿಕ್ಕಿಬಿತ್ತು. ಕ್ಯಾಪ್ಸೂಲ್ ಅಂದರೆ ದಿನಕ್ಕೆ ಆರೇಳು ನುಂಗಬೇಕು, ಯಾರೂ ಒಪ್ಪಲಿಲ್ಲ. ರಾಗಿ ಗಂಜಿಯಲ್ಲಿ ಕಲಸಿದರೆ ಯಾರಿಗೂ ವ್ಯತ್ಯಾಸ ಹೊಳೆಯಲಿಲ್ಲ, ಆದರೆ ದಿನಾ ಗಂಜಿ ಕುಡಿಯಿರಿ ಅಂತ 160 ಜನಕ್ಕೆ ಹೇಗೆ ಹೇಳುವುದು? ಕೊನೆಗೆ ನಿಂಬೆ ರುಚಿಯ ಒಂದು ಮಿಶ್ರಣ ಕೂಡಿಬಂತು. ಅದರ ಪ್ರಮಾಣ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೊನೆಯ ದಿನ ಪ್ರತಿಯೊಬ್ಬರನ್ನೂ "ನಿಮಗೆ ಸಿಕ್ಕಿದ್ದು ಯಾವುದು ಅನಿಸುತ್ತೆ?" ಅಂತ ಕೇಳುತ್ತೇವೆ. ಕ್ರಿಯಾಟಿನ್‌ನಿಂದ ನೀರು ಸೇರಿ ತೂಕ ಒಂದು ಕೆ.ಜಿ. ಏರಬಹುದು, ಅದರಿಂದಲೂ ಜನ ಊಹೆ ಮಾಡುತ್ತಾರೆ. ಸುಸ್ತು ಅವರೇ ಕೊಡುವ ಅಂಕ ಆದ್ದರಿಂದ ಈ ಊಹೆಯೇ ಫಲಿತಾಂಶವನ್ನು ಎಳೆಯಬಹುದು.

ನಮ್ಮ ಕಡೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಊಟದಲ್ಲಿ ಕ್ರಿಯಾಟಿನ್ ಸಿಗುವುದು ಮಾಂಸ, ಮೀನಿನಿಂದ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದು ಕಡಿಮೆಯಿರುತ್ತದೆ, ಪುಡಿ ತಗೊಂಡಾಗ ಏರಿಕೆಯೂ ಹೆಚ್ಚಿರಬಹುದು. ಹಾಗಾಗಿ ರ‍್ಯಾಂಡಮೈಸ್ ಮಾಡುವಾಗಲೇ ಸಸ್ಯಾಹಾರಿ, ಮಾಂಸಾಹಾರಿ ಅಂತ ಎರಡು ಪಟ್ಟಿ ಮಾಡಿದೆವು. ಚಿಕುನ್‌ಗುನ್ಯಾ ಆದವರನ್ನೂ ಸೇರಿಸೋಣ ಅಂದವರಿಗೆ ಬೇಡ ಅಂದೆ. ಆ ಎರಡು ಸುಸ್ತುಗಳು ಒಂದೇ ಅಂತ ಯಾರೂ ತೋರಿಸಿಲ್ಲ. ಅವರಿಗೆ ಬೇರೆ ಟ್ರಯಲ್ ಬೇಕು.

ಇಂಥದ್ದೇ ಕೆಲಸಕ್ಕೆ ಕೈಹಾಕುವವರು ಲ್ಯಾಬ್ ರಿಪೋರ್ಟ್ ಯಾರ ಕೈಗೆ ಹೋಗುತ್ತದೆ ಅಂತ ಮೊದಲೇ ತೀರ್ಮಾನಿಸಿ. ಕ್ರಿಯಾಟಿನ್ ತಿಂದವರ ರಕ್ತದಲ್ಲಿ, ಕಿಡ್ನಿ ಪರೀಕ್ಷೆಗೆ ನೋಡುವ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು, ಕಿಡ್ನಿ ಸರಿಯಿದ್ದರೂ. ಅದನ್ನು ನೋಡಿದ ಡಾಕ್ಟರಿಗೆ ಯಾರು ಯಾವ ಗುಂಪು ಅಂತ ತಕ್ಷಣ ಗೊತ್ತಾಗುತ್ತದೆ, ಇಲ್ಲವೇ ಹೆದರಿ ಪುಡಿ ನಿಲ್ಲಿಸಿಬಿಡುತ್ತಾರೆ. ನಾವು ರಿಪೋರ್ಟ್‌ಗಳನ್ನು ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ನೆಫ್ರಾಲಜಿಸ್ಟ್‌ಗೆ ಕಳಿಸುತ್ತೇವೆ. ಅನುಮಾನ ಬಂದವರಿಗೆ ಕಿಡ್ನಿಯನ್ನು ಬೇರೆ ದಾರಿಯಲ್ಲಿ ನೋಡುವ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸುತ್ತೇವೆ, ಕಿಡ್ನಿ ತೊಂದರೆ ಮೊದಲೇ ಇದ್ದವರನ್ನು ಸೇರಿಸಿಕೊಳ್ಳುವುದೇ ಇಲ್ಲ.