ಹಾಳೆ ಪರೀಕ್ಷೆಯದ್ದಾ, ಮನೆಕೆಲಸದ್ದಾ? ಉತ್ತರ ಹೇಳುವ ಮುಂಚೆ ಹೀಗೆ ಮಾಡಿ

ಶಿರಸಿಯಲ್ಲಿ ಮಳೆ ಹಿಡಿದ ಒಂದು ಸಂಜೆ. ಪಕ್ಕದ ಮನೆಯ ಹತ್ತನೇ ತರಗತಿ ಹುಡುಗಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ‘ಅಕ್ಕಾ, ಮೂರನೇದರ ಉತ್ತರ ಎಷ್ಟು?’ ಹಾಳೆಯ ತಲೆಯಲ್ಲಿ ಸಮಯ 40 ನಿಮಿಷ, ಅಂಕ 20 ಎಂದಿತ್ತು. ನೋಡಿದರೆ ಪರೀಕ್ಷೆಯದ್ದೇ.

ಅಷ್ಟಕ್ಕೇ ಅನುಮಾನ ಪಡಬೇಡಿ. ಎಸ್ಸೆಸ್ಸೆಲ್ಸಿ ಮಾದರಿ ಪ್ರಶ್ನೆಪತ್ರಿಕೆಗಳ ಮೇಲೂ ಸಮಯ, ಅಂಕ ಇರುತ್ತವೆ. ಮೊದಲು ಎರಡೇ ಮಾತು ಕೇಳಿ. ಯಾವಾಗ ಕೊಡಬೇಕು? ಪುಸ್ತಕ ನೋಡಬಹುದು ಅಂದಿದ್ದಾರಾ? ವಿಚಾರಣೆಯ ಧಾಟಿ ಬೇಡ, ಮಕ್ಕಳು ಮುದುಡಿಬಿಡುತ್ತಾರೆ. ಪರೀಕ್ಷೆ ಈಗಲೇ ನಡೀತಿದೆ ಎಂದು ಗೊತ್ತಾದರೆ ಸುಳಿವೂ ಕೊಡಬೇಡಿ. ‘ಮುಗಿಸಿ ಬಾ, ಇಡೀ ಹಾಳೆ ಕೂತು ಮಾಡೋಣ’ ಅನ್ನಿ.

ಈ ಹುಡುಗಿ ಹೇಳಿದ್ದು ಎರಡೂ ಕಡೆ ವಾಲುವಂಥ ಉತ್ತರ. ‘ನಾಳೆ ಕೊಡಬೇಕು. ಪುಸ್ತಕದ್ದು ಏನೂ ಹೇಳಿಲ್ಲ.’ ಇಂಥ ಹೊತ್ತಿನಲ್ಲಿ ಹಾಳೆಯ ಲೆಕ್ಕ ಮುಟ್ಟಬೇಡಿ. ಅದೇ ಥರದ ಇನ್ನೊಂದು ಲೆಕ್ಕ ಹೊಸದಾಗಿ ಹಾಕಿ, ಅದನ್ನು ಪೂರ್ತಿ ಬಿಡಿಸಿ ತೋರಿಸಿ.

ಅವಳ ಲೆಕ್ಕ 5, 8, 11... ಈ ಸಮಾಂತರ ಶ್ರೇಢಿಯ 20ನೇ ಪದ ಯಾವುದು ಎಂದು. ನಾನು 7, 11, 15... ತೆಗೆದುಕೊಂಡು 10ನೇ ಪದ ಹುಡುಕಿದೆ. ಸೂತ್ರಕ್ಕಿಂತ ಮೊದಲು ಅಡಿಕೆ ತೋಟ ನೆನಪಿಸಿದೆ. ಒಂದು ಸಾಲಿನಲ್ಲಿ 10 ಮರ ಇದ್ದರೆ ನಡುವಿನ ಸಂದು ಎಷ್ಟು? ಒಂಬತ್ತು. ಹಾಗಾಗಿ 7ಕ್ಕೆ ಒಂಬತ್ತು ಸಲ 4 ಕೂಡಿಸಬೇಕು. 7 + 36, ಅಂದರೆ 43.

ಸ್ವಲ್ಪ ಹೊತ್ತಿಗೆ ಅವಳ ಉತ್ತರ ಬಂತು, 65. ಅವಳು 20 ಸಲ 3 ಕೂಡಿಸಿದ್ದಳು. ಇಲ್ಲಿ ‘ತಪ್ಪು, 62 ಬರೆ’ ಅನ್ನೋಕೆ ನಾಲಿಗೆ ತುದಿ ತುರಿಸುತ್ತದೆ. ತಡೆಯಿರಿ. ‘ಇದೇ ರೀತಿಯಲ್ಲಿ ಮೂರನೇ ಪದ ಮಾಡಿ ನೋಡು’ ಅಂದೆ. ಅವಳಿಗೆ 14 ಬಂತು. ಹಾಳೆಯಲ್ಲಿ ಇದ್ದದ್ದು 11. ‘ಅಯ್ಯೋ, ಸಂದು ಎಣಿಸಬೇಕಿತ್ತು ಅಲ್ವಾ’ ಎಂದು ಅವಳೇ ತಿದ್ದಿಕೊಂಡಳು.

ಹಾಗಂತ ನೇರ ಉತ್ತರವೇ ಕೊಡಬಾರದು ಅಂತಲ್ಲ. ‘ಸಾಮಾನ್ಯ ವ್ಯತ್ಯಾಸ’ ಅಂದರೇನು ಎಂದು ಕೇಳಿದರೆ ಸುಮ್ನೆ ಹೇಳಿಬಿಡಿ, ಅದರಲ್ಲಿ ಯೋಚಿಸಿ ಕಂಡುಕೊಳ್ಳುವಂಥದ್ದು ಏನಿಲ್ಲ. ಹಾಳೆ ಅಭ್ಯಾಸದ್ದೇ ಎಂದು ಖಾತ್ರಿಯಾಗಿ, ಮಗು ಎರಡು ಸಲ ಮಾಡಿ ಸಿಕ್ಕಿಬಿದ್ದಿದ್ದರೆ ಪೂರ್ತಿ ಬಿಡಿಸಿಯೇ ತೋರಿಸಿ. ಸುಳಿವಿನ ಮೇಲೆ ಸುಳಿವು ಕೊಡುತ್ತಾ ಅರ್ಧ ಗಂಟೆ ಸತಾಯಿಸುವುದರಲ್ಲಿ ನನಗಂತೂ ನಂಬಿಕೆ ಇಲ್ಲ. ಆದರೆ ಬಿಡಿಸಿದ್ದನ್ನು ಮುಚ್ಚಿಟ್ಟು, ಅಂಕಿ ಬದಲಿಸಿ ಮತ್ತೊಮ್ಮೆ ಮಾಡಿಸಿ.

ಅರ್ಥವಾಗಿದೆಯೋ ಇಲ್ಲವೋ ನೋಡಲು ಲೆಕ್ಕವನ್ನು ತಿರುಗಿಸಿ ಕೇಳಿ. ಅದೇ ಶ್ರೇಢಿಯಲ್ಲಿ 92 ಎಷ್ಟನೇ ಪದ? 92ರಿಂದ 5 ಕಳೆದರೆ 87, ಮೂರರಿಂದ ಭಾಗಿಸಿದರೆ 29. ಮಗು 29 ಅಂದರೆ ಸಂದು ಎಣಿಸಿ ಅಲ್ಲೇ ನಿಂತಿದೆ, ಮತ್ತೆ ಅಡಿಕೆ ಸಾಲಿಗೆ ಕರೆದುಕೊಂಡು ಹೋಗಿ. 30 ಅಂದರೆ ಮರವನ್ನೂ ಎಣಿಸಿದೆ.