ಬಾಟಲಿಯ ಗುಣ, ಬಳಸುವವರ ಅನುಕೂಲ: ನಾನು ಕ್ಯಾಪ್ಷನ್ ಬರೆಯುವ ಬಗೆ

ಸ್ಟೀಲ್ ನೀರಿನ ಬಾಟಲಿ ಮಾರುವ ಸಣ್ಣ ಬ್ರ್ಯಾಂಡ್ ಒಂದಕ್ಕೆ ನಾನು ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ ಬರೆಯುತ್ತೇನೆ. ಕಾರ್ಖಾನೆಯಿಂದ ನನ್ನ ಕೈಗೆ ಬರುವುದು ಒಂದು ಪುಟದ ವಿವರಪಟ್ಟಿ: 304 ದರ್ಜೆಯ ಸ್ಟೀಲ್, ಎರಡು ಪದರದ ನಡುವೆ ನಿರ್ವಾತ, ಅಗಲ ಬಾಯಿ, ಬಿಪಿಎ ಇಲ್ಲದ ಮುಚ್ಚಳ, 750 ಮಿಲಿ. ಕೊಳ್ಳುವವರು ಸಂದೇಶ ಕಳುಹಿಸಿ ಕೇಳುವುದೇ ಬೇರೆ: ಮಗುವಿನ ಚೀಲದಲ್ಲಿ ಸೋರುತ್ತದೆಯೇ, ಒಳಗೆ ಕೈ ಹಾಕಿ ತೊಳೆಯಬಹುದೇ, ವಾಸನೆ ಹಿಡಿಯುತ್ತದೆಯೇ? ಪಟ್ಟಿಯ ಪ್ರತಿ ಸಾಲಿಗೂ ನಾನು ‘ಇದರಿಂದ ಯಾರಿಗೆ, ದಿನದ ಯಾವ ಹೊತ್ತಿನಲ್ಲಿ, ಯಾವ ತೊಂದರೆ ತಪ್ಪುತ್ತದೆ?’ ಎಂದು ಕೇಳುತ್ತೇನೆ. ಉತ್ತರ ಸಿಗದ ಸಾಲು ಕ್ಯಾಪ್ಷನ್‌ಗೆ ಬರುವುದಿಲ್ಲ, ವಿವರಪಟ್ಟಿಯಲ್ಲೇ ಉಳಿಯುತ್ತದೆ.

ನಿರ್ವಾತದ ಸಾಲನ್ನೇ ನೋಡಿ. ಎಲ್ಲರೂ ಇದನ್ನು ‘24 ಗಂಟೆ ತಂಪು’ ಎಂದು ಬರೆಯುತ್ತಾರೆ. ಆ ಗಂಟೆಗಳು ಬಾಟಲಿಯನ್ನು ಕಂಠದವರೆಗೆ ತುಂಬಿಸಿ, ಮುಚ್ಚಳ ತೆರೆಯದೆ ಇಟ್ಟಾಗಿನ ಲೆಕ್ಕ. ನಾವು ಬಾಟಲಿಯನ್ನು ಬಳಸುವುದು ಹಾಗಲ್ಲ. ಆಗಾಗ ತೆರೆದು ಕುಡಿಯುತ್ತೇವೆ, ಮಧ್ಯಾಹ್ನಕ್ಕೆ ಅರ್ಧ ಖಾಲಿಯಾಗಿರುತ್ತದೆ, ಉಳಿದ ನೀರು ಬೇಗ ಬಿಸಿಯೇರುತ್ತದೆ. ಅದಕ್ಕೇ ಮನೆಯಲ್ಲಿ ಬೆಳಿಗ್ಗೆ ಫ್ರಿಜ್ಜಿನ ನೀರು ತುಂಬಿಸಿ, ಎಂದಿನಂತೆ ಕುಡಿಯುತ್ತಾ, ನಡುನಡುವೆ ಥರ್ಮಾಮೀಟರ್ ಇಳಿಸಿ ನೋಡುತ್ತೇನೆ. ಗಂಟೆಗಳ ಲೆಕ್ಕದ ಬದಲು ‘ಬೆಳಿಗ್ಗೆ ತುಂಬಿಸಿದ ನೀರು ಮಧ್ಯಾಹ್ನದ ಊಟದ ಹೊತ್ತಿಗೂ ತಣ್ಣಗೆ’ ಎಂದು ಬರೆಯುತ್ತೇನೆ. ಓದಿದವರು ಮರುದಿನವೇ ತಾವೇ ಪರೀಕ್ಷಿಸಿ ನೋಡಬಹುದಾದ ಮಾತು ಅದು.

ಅದೇ ನಿರ್ವಾತದಿಂದ ಇನ್ನೊಂದು ಅನುಕೂಲವಿದೆ, ಅದನ್ನು ಬರೆಯುವವರು ಕಡಿಮೆ. ಒಳಗಿನ ತಂಪು ಹೊರಪದರಕ್ಕೆ ಹೆಚ್ಚು ತಲುಪದ ಕಾರಣ ಗಾಳಿಯ ತೇವ ಅದರ ಮೇಲೆ ಹನಿಗಟ್ಟುವುದಿಲ್ಲ. ಮಂಗಳೂರು, ಉಡುಪಿಯ ಕಡೆ ಒಂದೇ ಪದರದ ಬಾಟಲಿಯಲ್ಲಿ ತಣ್ಣೀರು ಒಯ್ದವರಿಗೆ ಗೊತ್ತು, ಸ್ವಲ್ಪ ಹೊತ್ತಿನಲ್ಲೇ ಹೊರಮೈ ಬೆವರಿ ಚೀಲದ ತಳ ಒದ್ದೆಯಾಗಿರುತ್ತದೆ. ಆ ಓದುಗರಿಗಾಗಿ ನಾನು ಬರೆದದ್ದು ಹೀಗೆ:

‘ತಣ್ಣೀರಿನ ಬಾಟಲಿಯನ್ನು ಪುಸ್ತಕಗಳ ಪಕ್ಕದಲ್ಲೇ ಇಡಿ. ಹೊರಮೈ ಬೆವರುವುದಿಲ್ಲ, ನೋಟ್‌ಬುಕ್ ಒದ್ದೆಯಾಗುವುದಿಲ್ಲ.’

ಕಲಬುರಗಿಯ ಬೇಸಿಗೆಗೆ ಇದೇ ಕ್ಯಾಪ್ಷನ್ ಹೊಂದುವುದಿಲ್ಲ. ಅಲ್ಲಿನ ಗಾಳಿ ಒಣದು, ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರುವ ಬಾಟಲಿಗಿಂತ ಕಾದ ನೀರೇ ಅಲ್ಲಿನವರ ತೊಂದರೆ. ‘ಬಸ್ಸಿಗೆ ಕಾಯುವಾಗಲೂ ಗುಟುಕು ತಣ್ಣಗೇ ಇರಲಿ’ ಎಂಬುದು ಅವರಿಗೆ. ಬಾಟಲಿ ಒಂದೇ, ಗುಣವೂ ಒಂದೇ. ಬದಲಾಗುವುದು ಓದುವವರ ಊರಿನ ಹವೆ.

ವಾಸನೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 304 ಎಂದರೆ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುವ ಸ್ಟೀಲ್. ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪದರ ಕಟ್ಟುವುದರಿಂದ ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ, ನೀರಿಗೆ ಲೋಹದ ರುಚಿ ಬರುವುದಿಲ್ಲ. ಹಾಗೆಂದು ‘ವಾಸನೆಯೇ ಬಾರದು’ ಎಂದು ಬರೆದರೆ ಗ್ರಾಹಕರು ದೂರುತ್ತಾರೆ, ಅವರ ದೂರು ಸರಿಯಾಗಿಯೇ ಇರುತ್ತದೆ. ವಾಸನೆ ಹೆಚ್ಚಾಗಿ ಹುಟ್ಟುವುದು ಸ್ಟೀಲಿನಲ್ಲಲ್ಲ, ಮುಚ್ಚಳದೊಳಗಿನ ಸಿಲಿಕೋನ್ ವಾಷರ್‌ನ ಅಡಿಯಲ್ಲಿ. ಮಜ್ಜಿಗೆ, ಹಣ್ಣಿನ ರಸ ಅಲ್ಲಿ ಸೇರಿ ಕೊಳೆಯುತ್ತವೆ. ನಮ್ಮ ಬಾಟಲಿಯ ವಾಷರ್ ಬಿಚ್ಚಿ ಬರುತ್ತದೆ, ಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇರಲಿಲ್ಲ! ಅದನ್ನು ಬೆರಳಿನಿಂದ ಎಬ್ಬಿಸುವ ಚಿತ್ರ ಹಾಕಿ, ‘ವಾಷರ್ ಬಿಚ್ಚಿ, ತೊಳೆದು, ಒಣಗಿಸಿ ಮತ್ತೆ ಕೂರಿಸಿ. ವಾಸನೆ ನಿಲ್ಲುವ ಜಾಗವೇ ಇಲ್ಲ’ ಎಂದು ಬರೆದೆ. ಆ ಪೋಸ್ಟ್‌ನ ಕೆಳಗೆ ತಾಯಂದಿರ ಪ್ರಶ್ನೆಗಳು ಸಾಲುಗಟ್ಟಿದವು. ಬಹುಪಾಲು ಮಂದಿ ಕೇಳಿದ್ದು ವಾಷರ್ ಬಿಡಿಯಾಗಿ ಸಿಗುತ್ತದೆಯೇ ಎಂದು. ಅದನ್ನು ನಾನು ಮಾಲೀಕರಿಗೆ ತಲುಪಿಸಿದೆ.

ಬಿಪಿಎ ಎಂಬುದು ಕೆಲವು ಬಗೆಯ ಪ್ಲಾಸ್ಟಿಕ್ ಹಾಗೂ ರಾಳದ ಲೇಪಗಳಿಗೆ ಸಂಬಂಧಿಸಿದ ರಾಸಾಯನಿಕ, ಬರಿಯ ಸ್ಟೀಲಿನಲ್ಲಿ ಅದು ಇರುವ ಪ್ರಶ್ನೆಯೇ ಇಲ್ಲ. ಹಾಗಾಗಿ ‘ಬಿಪಿಎ ಇಲ್ಲದ ಸ್ಟೀಲ್’ ಎಂದು ಬರೆಯುವುದಿಲ್ಲ, ಮುಚ್ಚಳದ ಮಾತು ಬಂದಾಗ ಮಾತ್ರ ಅದನ್ನು ಹೇಳುತ್ತೇನೆ.

ನಮ್ಮಲ್ಲಿ ಒಂದೇ ಪದರದ ಬಾಟಲಿಯೂ ಇದೆ. ಅದು ತಂಪು ಕಾಯುವುದಿಲ್ಲ, ಬಿಸಿನೀರು ಹಾಕಿದರೆ ಹಿಡಿಯಲಾಗದಷ್ಟು ಕಾಯುತ್ತದೆ. ಅದರ ಗುಣವೆಂದರೆ ಹಗುರ. ಪುಸ್ತಕದ ಹೊರೆ ಹೊರುವ ಮಗುವಿಗೆ ಅದೇ ದೊಡ್ಡ ಅನುಕೂಲ. ‘ಚೀಲಕ್ಕೆ ಭಾರ ಕಡಿಮೆ. ಮನೆಯ ಸಾದಾ ನೀರಿಗೆ’ ಎಂದು ಎರಡನ್ನೂ ಒಟ್ಟಿಗೇ, ಮೊದಲ ಸಾಲಿನಲ್ಲೇ ಹಾಕುತ್ತೇನೆ. ಪರದೆಯ ಮೇಲೆ ಕ್ಯಾಪ್ಷನ್‌ನ ಆರಂಭವಷ್ಟೇ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ‘ಸಾದಾ ನೀರಿಗೆ’ ಎಂಬ ಎರಡು ಪದ ಕೆಳಗೆ ಜಾರಿದರೆ, ತಣ್ಣೀರಿನ ಆಸೆಯಿಂದ ಕೊಂಡವರು ಬಾಟಲಿಯನ್ನು ಹಿಂದಿರುಗಿಸುತ್ತಾರೆ.