ಎಫ್‌ಎಫ್‌ಟಿ ಗ್ರಾಫಿನಲ್ಲಿ 750 ಹರ್ಟ್ಸ್ ಎಲ್ಲಿಂದ ಬಂತು?

ಮನೆಯ ಒಂದು ವೈರಿಗೆ ಕ್ಲ್ಯಾಂಪ್ ಮಾದರಿಯ ಕರೆಂಟ್ ಸೆನ್ಸರ್ ಸಿಕ್ಕಿಸಿದ್ದೀರಿ. ಅದರ ಔಟ್‌ಪುಟ್ ಒಂದು ಮೈಕ್ರೋಕಂಟ್ರೋಲರ್‌ಗೆ ಹೋಗುತ್ತಿದೆ. ಅದು ಸೆಕೆಂಡಿಗೆ 800 ಸ್ಯಾಂಪಲ್‌ನಂತೆ 400 ಸ್ಯಾಂಪಲ್ ಹಿಡಿದುಕೊಟ್ಟಿದೆ. ಅದನ್ನು, ಸಿಗ್ನಲ್‌ನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಲೆಕ್ಕ ಹಾಕುವ ಎಫ್‌ಎಫ್‌ಟಿಗೆ ಕೊಟ್ಟು ಗ್ರಾಫ್ ಹಾಕಿದರೆ 50 ಹರ್ಟ್ಸ್‌ನಲ್ಲಿ ಒಂದು ಕಡ್ಡಿ ಎದ್ದು ನಿಲ್ಲುತ್ತದೆ. ಅದು ಸರಿ, ನಮ್ಮ ಕರೆಂಟೇ 50 ಹರ್ಟ್ಸ್. ಆದರೆ ಬಲಗಡೆ 750ರಲ್ಲೂ ಅಷ್ಟೇ ಎತ್ತರದ ಇನ್ನೊಂದು ಕಡ್ಡಿ ಇದೆ. ಅದೇನು? ಜೊತೆಗೆ ಕಡ್ಡಿಯ ಎತ್ತರ 200 ಎಂದಿದೆ. 200 ಏನು, ವೋಲ್ಟೇ, ಆಂಪೇ?

ಈ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಮೊದಲು ಕೈಯಲ್ಲೇ ಒಂದು ಸಣ್ಣ ಲೆಕ್ಕ ಮಾಡೋಣ.

ಮೊದಲ ಹೆಜ್ಜೆ: ನಾಲ್ಕೇ ಸ್ಯಾಂಪಲ್, ಪೆನ್ನು, ಕಾಗದ

ಸ್ಯಾಂಪಲ್‌ಗಳು 1, 2, 3, 4 ಎಂದಿಟ್ಟುಕೊಳ್ಳಿ. ಎಫ್‌ಎಫ್‌ಟಿ ಲೆಕ್ಕ ಹಾಕುವ ಸೂತ್ರ ಇದು, N ಅಂದರೆ ಒಟ್ಟು ಸ್ಯಾಂಪಲ್:

```
X[k] = Σ x[n] · e^(−j2πkn/N),   n = 0 … N−1
```

N = 4 ಆದಾಗ ಗುಣಿಸಬೇಕಾದ ಸಂಖ್ಯೆಗಳು 1, −j, −1, j ಮಾತ್ರ. ಹಾಗಾಗಿ ಲೆಕ್ಕ ಸುಲಭ.

```
X[0] = 1 + 2 + 3 + 4       = 10
X[1] = 1 − 2j − 3 + 4j     = −2 + 2j
X[2] = 1 − 2 + 3 − 4       = −2
X[3] = 1 + 2j − 3 − 4j     = −2 − 2j
```

X[1] ಮತ್ತು X[3] ನೋಡಿ. ಎರಡಕ್ಕೂ ವ್ಯತ್ಯಾಸ j ಭಾಗದ ಚಿಹ್ನೆಯಷ್ಟೇ. ಇಂಥ ಜೋಡಿಗೆ ಕಾಂಜುಗೇಟ್ ಎನ್ನುತ್ತಾರೆ. ಇದು ಈ ನಾಲ್ಕು ಅಂಕಿಗಳ ಅದೃಷ್ಟ ಅಲ್ಲ. ಸೂತ್ರದಲ್ಲಿ k ಬದಲು N−k ಹಾಕಿ. ಘಾತದಲ್ಲಿ −j2πn ಎಂಬ ಒಂದು ತುಂಡು ಹೆಚ್ಚಾಗಿ ಬರುತ್ತದೆ. n ಪೂರ್ಣಾಂಕ ಆದ್ದರಿಂದ ಅದು ಪೂರ್ತಿ ಸುತ್ತು ಹಾಕಿ 1 ಆಗಿಬಿಡುತ್ತದೆ. ಉಳಿಯುವುದು +j ಇರುವ ಘಾತ, ಅಂದರೆ ಮೊದಲಿನದರ ಕಾಂಜುಗೇಟ್. x[n] ಬರೀ ರಿಯಲ್ ಸಂಖ್ಯೆಯಾದರೆ ಅದರಲ್ಲಿ ತಿರುಗಲು j ಭಾಗವೇ ಇಲ್ಲ. ಆದ್ದರಿಂದ ಇಡೀ ಮೊತ್ತವೇ ಕಾಂಜುಗೇಟ್ ಆಗುತ್ತದೆ:

```
X[N−k] = X[k]*
```

ಎತ್ತರ ಒಂದೇ, ಫೇಸ್ ಮಾತ್ರ ಉಲ್ಟಾ. X[0] ಮತ್ತು X[2] ತಮಗೆ ತಾವೇ ಜೋಡಿ, ಹಾಗಾಗಿ ಅವು ರಿಯಲ್ ಆಗಿಯೇ ಇರಬೇಕು. ಇದ್ದಾವೆ ಕೂಡ. ಇನ್ನೊಂದು ರೀತಿಯಲ್ಲೂ ನೋಡಬಹುದು. ಒಳಗೆ ಹೋಗಿದ್ದು ನಾಲ್ಕು ರಿಯಲ್ ಸಂಖ್ಯೆ. ಹೊರಗೆ ಬಂದ ಹೊಸ ಮಾಹಿತಿ X[0]ರಿಂದ ಒಂದು, X[2]ರಿಂದ ಒಂದು, X[1]ರಿಂದ ಎರಡು. ಮೊತ್ತ ನಾಲ್ಕೇ. X[3] ಹೊಸದಾಗಿ ಏನನ್ನೂ ಹೇಳುತ್ತಿಲ್ಲ.

ಎರಡನೇ ಹೆಜ್ಜೆ: ಉತ್ತರ ಗೊತ್ತಿರುವ ಸಿಗ್ನಲ್ ಕೊಟ್ಟು ನೋಡಿ

ಸೆನ್ಸರ್ ಡೇಟಾಕ್ಕೆ ಕೈ ಹಾಕುವ ಮುಂಚೆ ನೀವೇ ಒಂದು ಸಿಗ್ನಲ್ ತಯಾರಿಸಿ. ಇಂಥ ಸರ್ಕ್ಯೂಟಿನಲ್ಲಿ ಮೈಕ್ರೋಕಂಟ್ರೋಲರ್ ನೆಗೆಟಿವ್ ವೋಲ್ಟೇಜ್ ಓದುವುದಿಲ್ಲ. ಹಾಗಾಗಿ 3.3 ವೋಲ್ಟಿನ ಅರ್ಧ, ಅಂದರೆ 1.65 ವೋಲ್ಟ್ ಮೇಲಕ್ಕೆ ಎತ್ತಿಕೊಟ್ಟಿರುತ್ತಾರೆ. ಅದರ ಮೇಲೆ 1 ವೋಲ್ಟ್ ಎತ್ತರದ 50 ಹರ್ಟ್ಸ್ ಮತ್ತು 0.2 ವೋಲ್ಟ್ ಎತ್ತರದ 150 ಹರ್ಟ್ಸ್ ಸೇರಿಸೋಣ. ಕಂಪ್ಯೂಟರ್, ಎಲ್‌ಇಡಿ ಬಲ್ಬುಗಳು ಎಳೆಯುವ ಕರೆಂಟಿನಲ್ಲಿ ಈ ಮೂರನೇ ಹಾರ್ಮೋನಿಕ್ ಮಾಮೂಲಿ.

```python
import numpy as np
fs, N = 800, 400
t = np.arange(N) / fs
x = (1.65 + 1.0*np.cos(2*np.pi*50*t)
          + 0.2*np.cos(2*np.pi*150*t))
X = np.fft.fft(x)
print(abs(X[[0, 25, 75, 325, 375]]))
```

ಬರುವ ಉತ್ತರ 660, 200, 40, 40, 200. ಉಳಿದ ಬಿನ್‌ಗಳಲ್ಲಿ, ಅಂದರೆ Xನ ಉಳಿದ ಜಾಗಗಳಲ್ಲಿ, ಲೆಕ್ಕಕ್ಕೆ ಬಾರದಷ್ಟು ಸಣ್ಣ ಸಂಖ್ಯೆಗಳು.

ಮೂರನೇ ಹೆಜ್ಜೆ: ಬಿನ್ ನಂಬರನ್ನು ಹರ್ಟ್ಸ್‌ಗೆ ತನ್ನಿ

fs ಅಂದರೆ ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದು. ಒಂದು ಬಿನ್‌ನಿಂದ ಇನ್ನೊಂದಕ್ಕೆ ಇರುವ ದೂರ fs/N. ಇಲ್ಲಿ 800/400 = 2 ಹರ್ಟ್ಸ್. ಬಿನ್ 25 ಅಂದರೆ 50 ಹರ್ಟ್ಸ್, 75 ಅಂದರೆ 150. ಉದಾಹರಣೆಗೆ fs ಮತ್ತು N ಎರಡನ್ನೂ 1000 ಇಡುವ ಪಾಠಗಳು ನನಗೆ ಇಷ್ಟವಿಲ್ಲ. ಅಲ್ಲಿ ಬಿನ್ ನಂಬರೇ ಹರ್ಟ್ಸ್ ಆಗಿರುತ್ತದೆ. ಎರಡೂ ಒಂದೇ ಅಂತ ಸುಮ್ನೆ ತಲೆಯಲ್ಲಿ ಕೂತುಬಿಡುತ್ತದೆ.

ಈಗ ಬಿನ್ 375. ಅರ್ಧ ದಾಟಿದ ಬಿನ್‌ಗಳಿಂದ N ಕಳೆಯಬೇಕು: 375 − 400 = −25. ಅದನ್ನು 2ರಿಂದ ಗುಣಿಸಿದರೆ −50 ಹರ್ಟ್ಸ್. 750 ಎಂದು ಕಂಡಿದ್ದು ಇದೇ, 50ರ ಕಾಂಜುಗೇಟ್ ಜೋಡಿ. ಒಂದು ಕೊಸೈನನ್ನು ಎದುರು ಬದುರು ತಿರುಗುವ ಎರಡು ಘಾತಗಳಾಗಿ ಒಡೆದಾಗ ಎರಡನೆಯದು ಇಲ್ಲಿ ಬಂದು ಕೂತಿದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ವೈರಿನಲ್ಲಿ ನಿಜವಾಗಿಯೂ 750 ಹರ್ಟ್ಸ್ ಇದ್ದರೆ ಅದೂ ಇದೇ ಎರಡು ಬಿನ್‌ಗಳಿಗೆ ಬೀಳುತ್ತದೆ. ಆಮೇಲೆ ಬೇರೆ ಮಾಡಲು ಆಗದು. ಇನ್ನೂ ತಾಪತ್ರಯದ್ದು ಒಂಬತ್ತನೇ ಹಾರ್ಮೋನಿಕ್, ಅಂದರೆ 450 ಹರ್ಟ್ಸ್. ಅದು 800 − 450 = 350ಕ್ಕೆ ಮಡಚಿಕೊಂಡು ಸರಿಯಾಗಿ ಏಳನೇ ಹಾರ್ಮೋನಿಕ್ ಮೇಲೆ ಕೂರುತ್ತದೆ. ಹಾಗಾಗಿ fsನ ಅರ್ಧ, ಅಂದರೆ 400 ಹರ್ಟ್ಸ್ ಮೇಲಿನದನ್ನು ಸ್ಯಾಂಪಲ್ ಮಾಡುವ ಮೊದಲೇ ಫಿಲ್ಟರ್ ಹಾಕಿ ತಡೆಯಬೇಕು. ಇಲ್ಲದಿದ್ದರೆ fs ಜಾಸ್ತಿ ಮಾಡಬೇಕು.

ಫ್ರೀಕ್ವೆನ್ಸಿ ಪಟ್ಟಿಯನ್ನು ಕಟ್ಟುವಾಗ ಮೂರು ಕಡೆ ಎಡವುತ್ತಾರೆ. ಒಂದು, `np.linspace(0, fs, N)`. ಇದು ಕೊನೆಯ ಬಿಂದುವನ್ನೂ ಸೇರಿಸಿಕೊಳ್ಳುವುದರಿಂದ ಅಂತರ 800/399 ಆಗುತ್ತದೆ. 50 ಹರ್ಟ್ಸ್ 50.125 ಎಂದು ಕಾಣುತ್ತದೆ, 398ರ ಹತ್ತಿರ ತಪ್ಪು ಒಂದು ಹರ್ಟ್ಸ್ ಮುಟ್ಟುತ್ತದೆ. ಎರಡು, ಈ ಪಟ್ಟಿ ತಯಾರಿಸಿಕೊಡುವ `rfftfreq`ಗೆ `d` ಕೊಡದೇ ಬಿಡುವುದು. ಆಗ 50 ಹರ್ಟ್ಸ್ ಜಾಗದಲ್ಲಿ 0.0625 ಬರುತ್ತದೆ. ಅದರ ಯೂನಿಟ್ ಹರ್ಟ್ಸ್ ಅಲ್ಲ, ಒಂದು ಸ್ಯಾಂಪಲ್‌ಗೆ ಎಷ್ಟು ಸುತ್ತು ಎಂಬುದು. 800ರಿಂದ ಗುಣಿಸಿದರೆ 50 ಸಿಗುತ್ತದೆ. `d` ಎಂದರೆ ಎರಡು ಸ್ಯಾಂಪಲ್ ನಡುವಿನ ಸೆಕೆಂಡು, ಅಂದರೆ 1/fs. fs ಅನ್ನೇ ಕೊಟ್ಟರೆ ಎಲ್ಲವೂ ಸೊನ್ನೆಗೆ ಅಂಟಿಕೊಂಡಂತೆ ಕಾಣುತ್ತದೆ. ಮೂರನೆಯದು ಮ್ಯಾಟ್‌ಲ್ಯಾಬ್‌ನವರಿಗೆ. ಅಲ್ಲಿ ಎಣಿಕೆ 1ರಿಂದ ಶುರು. 50 ಹರ್ಟ್ಸ್ ಇರುವುದು 26ನೇ ಜಾಗದಲ್ಲಿ. ಒಂದು ಕಳೆಯದಿದ್ದರೆ 52 ಹರ್ಟ್ಸ್ ಅಂತ ಓದುತ್ತೀರಿ.

ನಾಲ್ಕನೇ ಹೆಜ್ಜೆ: ಎತ್ತರವನ್ನು ವೋಲ್ಟಿಗೆ, ಆಮೇಲೆ ಆಂಪಿಗೆ ತನ್ನಿ

1 ವೋಲ್ಟಿನ ಕೊಸೈನ್ 200 ಆಗಿದ್ದು ಹೇಗೆ? ಎಫ್‌ಎಫ್‌ಟಿ ಬರೀ ಕೂಡಿಸುತ್ತದೆ, ಭಾಗಿಸುವುದಿಲ್ಲ. 400 ಸ್ಯಾಂಪಲ್ ಕೂಡಿಸಿತು, ಅದರಲ್ಲಿ ಅರ್ಧ ಬಿನ್ 25ಕ್ಕೆ, ಅರ್ಧ 375ಕ್ಕೆ ಹೋಯಿತು. ಹಾಗಾಗಿ Nರಿಂದ ಭಾಗಿಸಿ, ಜೋಡಿಯ ಪಾಲನ್ನು ಸೇರಿಸಲು 2ರಿಂದ ಗುಣಿಸಬೇಕು: 2 × 200/400 = 1 ವೋಲ್ಟ್.

ಆದರೆ ಬಿನ್ 0ಕ್ಕೆ ಜೋಡಿಯೇ ಇಲ್ಲವಲ್ಲ. ಅದನ್ನು ದುಪ್ಪಟ್ಟು ಮಾಡಿದರೆ 1.65 ಬದಲು 3.3 ವೋಲ್ಟ್ ಬರುತ್ತದೆ. ಸಪ್ಲೈ ವೋಲ್ಟೇಜಿನಷ್ಟೇ ಸರಾಸರಿ ಎಂದರೆ ಪಿನ್ ಯಾವಾಗಲೂ ಮೇಲಕ್ಕೇ ಅಂಟಿಕೊಂಡಿದೆ ಎಂದಾಯಿತು. ಅಲ್ಲೇ ತಪ್ಪು ಸಿಕ್ಕಿಬೀಳುತ್ತದೆ. N ಸಮಸಂಖ್ಯೆಯಾದರೆ ಬಿನ್ N/2, ಅಂದರೆ 400 ಹರ್ಟ್ಸ್‌ನ ನೈಕ್ವಿಸ್ಟ್ ಬಿನ್ ಕೂಡ ಒಂಟಿ. N ಬೆಸವಾದರೆ ಆ ಬಿನ್ ಇರುವುದೇ ಇಲ್ಲ.

```python
Y = np.fft.rfft(x)
f = np.fft.rfftfreq(N, d=1/fs)
A = abs(Y) / N
A[1:-1] *= 2
```

ಕೊನೆಯ ಸಾಲು ಸಮ Nಗೆ. ಬೆಸವಾದರೆ `A[1:] *= 2`. `rfft` ಜೋಡಿಯ ಅರ್ಧವನ್ನು ಲೆಕ್ಕವೇ ಮಾಡದೆ 201 ಬಿನ್ ಮಾತ್ರ ಕೊಡುತ್ತದೆ. 750ರ ಕಾಟ ಅಲ್ಲಿಗೆ ಮುಗಿಯಿತು.

ಈ ವೋಲ್ಟ್ ಅಲೆಯ ತುದಿಯ ಬೆಲೆ, ಆರ್‌ಎಂಎಸ್ ಅಲ್ಲ. ಸೆನ್ಸರ್ 5 ಆಂಪಿಗೆ 1 ವೋಲ್ಟ್ ಕೊಡುವ ಜಾತಿಯದು ಎನ್ನಿ. 50 ಹರ್ಟ್ಸ್‌ನ 1 ವೋಲ್ಟ್ ಅಂದರೆ 5 ಆಂಪ್ ತುದಿ. √2ರಿಂದ ಭಾಗಿಸಿದರೆ 3.54 ಆಂಪ್ ಆರ್‌ಎಂಎಸ್. ಅದೇ ರೀತಿ 150 ಹರ್ಟ್ಸ್‌ನದು 0.71. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 3.61 ಆಂಪ್. ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರ್ ಇದ್ದರೆ ಪಕ್ಕದಲ್ಲಿ ಹಿಡಿದು ತಾಳೆ ನೋಡಿ. ಮೀಟರಿಗಿಂತ ನಿಮ್ಮದು ಸರಿಯಾಗಿ ಅರ್ಧ ಬಂದರೆ ದುಪ್ಪಟ್ಟು ಮಾಡುವುದು ಬಿಟ್ಟುಹೋಗಿದೆ. 1.41 ಪಟ್ಟು ಬಂದರೆ ತುದಿಯನ್ನೇ ಆರ್‌ಎಂಎಸ್ ಎಂದು ಓದಿದ್ದೀರಿ. ಸಾವಿರ ಪಟ್ಟಿಗೂ ಜಾಸ್ತಿ ಬಂದರೆ ಸ್ಯಾಂಪಲ್‌ಗಳು ಇನ್ನೂ ವೋಲ್ಟ್ ಆಗಿಲ್ಲ, 0ರಿಂದ 4095ರ ಕೌಂಟ್‌ನಲ್ಲೇ ಇವೆ.

ಕಡ್ಡಿ ಬಿನ್‌ಗಳ ನಡುವೆ ಬಿದ್ದರೆ

ಹಾರ್ಮೋನಿಕ್ ಮಡಚುವುದನ್ನು ತಪ್ಪಿಸಲು fs ಅನ್ನು 1600ಕ್ಕೆ ಏರಿಸಿ, N ಅನ್ನು 400ರಲ್ಲೇ ಬಿಟ್ಟಿರೆನ್ನಿ. ಬಿನ್ ಅಂತರ 4 ಹರ್ಟ್ಸ್ ಆಯಿತು. 50 ಹರ್ಟ್ಸ್ ಬಿನ್ 12.5ಕ್ಕೆ ಬೀಳಬೇಕು, ಅಂಥ ಬಿನ್ ಇಲ್ಲ. 12 ಮತ್ತು 13 ಎರಡರಲ್ಲೂ ಸುಮಾರು 0.64 ವೋಲ್ಟ್ ಕಾಣುತ್ತದೆ, ಉಳಿದದ್ದು ಅಕ್ಕಪಕ್ಕಕ್ಕೆ ಸೋರುತ್ತದೆ. ಇದಕ್ಕಿಂತ ಕೆಟ್ಟ ಜಾಗ ಬೇರಿಲ್ಲ! fs ಏರಿಸಿದಾಗ Nಅನ್ನೂ 800ಕ್ಕೆ ಏರಿಸಿ. ಬಿನ್ ಅಂತರವನ್ನು ನಿರ್ಧರಿಸುವುದು ಎಷ್ಟು ಹೊತ್ತು ರೆಕಾರ್ಡ್ ಮಾಡಿದಿರಿ ಎಂಬುದೇ. ಅರ್ಧ ಸೆಕೆಂಡಿಗೆ 2 ಹರ್ಟ್ಸ್, ಅಷ್ಟೇ.

ನಮ್ಮ ಗ್ರಿಡ್ಡೂ ಸರಿಯಾಗಿ 50ರಲ್ಲಿ ನಿಲ್ಲುವುದಿಲ್ಲ. 49.9ಕ್ಕೆ ಇಳಿದಾಗ 2 ಹರ್ಟ್ಸ್ ಬಿನ್‌ನಲ್ಲಿ ನಷ್ಟ ಅರ್ಧ ಪರ್ಸೆಂಟಿಗೂ ಕಡಿಮೆ. ಆದರೆ ಮೂರನೇ ಹಾರ್ಮೋನಿಕ್ 149.7ಕ್ಕೆ ಜಾರಿರುತ್ತದೆ. ಅಲ್ಲಿ ಸುಮಾರು 4 ಪರ್ಸೆಂಟ್ ಕಡಿಮೆ ಕಾಣುತ್ತದೆ.

ಬಿನ್ ಅಳಿಸುವಾಗ ಜೋಡಿಯನ್ನೂ ಅಳಿಸಿ

50 ಹರ್ಟ್ಸ್ ತೆಗೆದು ಉಳಿದದ್ದನ್ನು ನೋಡಬೇಕು ಎಂದು `X[25] = 0` ಬರೆದು `ifft` ಮಾಡಿದರೆ, ಉತ್ತರ ಕಾಂಪ್ಲೆಕ್ಸ್ ಸಂಖ್ಯೆಗಳಾಗಿ ಬರುತ್ತದೆ. 375 ಹಾಗೇ ಉಳಿದಿದೆ ಅಲ್ವಾ? `.real` ಹಾಕಿ ಮುಂದೆ ಹೋಗುವವರು ಬಹಳ ಜನ. ಆಗ 50 ಹರ್ಟ್ಸ್ ಹೋಗುವುದಿಲ್ಲ, ಅರ್ಧ ವೋಲ್ಟಾಗಿ ಉಳಿಯುತ್ತದೆ. `X[375]` ಕೂಡ ಸೊನ್ನೆ ಮಾಡಿ, ಆಮೇಲೆ j ಭಾಗದ ಅತಿ ದೊಡ್ಡ ಬೆಲೆ ಪ್ರಿಂಟ್ ಮಾಡಿ. 1e-16ರ ಆಸುಪಾಸಿದ್ದರೆ ಜೋಡಿಗಳು ಸರಿ ಇವೆ. `rfft` ಬಳಸಿದ್ದರೆ `irfft(Y, n=N)` ಎಂದು Nಅನ್ನು ಹೇಳಿಯೇ ಕರೆಯಿರಿ. ಹೇಳದಿದ್ದರೆ ಅದು ಸಮಸಂಖ್ಯೆ ಎಂದುಕೊಳ್ಳುತ್ತದೆ, 401 ಸ್ಯಾಂಪಲ್ ಕೊಟ್ಟರೆ 400 ವಾಪಸ್ ಬರುತ್ತದೆ.

ಇಷ್ಟೆಲ್ಲ ನಡೆಯುವುದು ರಿಯಲ್ ಸಿಗ್ನಲ್‌ಗೆ ಮಾತ್ರ. ಸಾಫ್ಟ್‌ವೇರ್ ರೇಡಿಯೊ ಕೊಡುವ ಐ-ಕ್ಯೂ ಸ್ಯಾಂಪಲ್‌ಗಳು ಮೊದಲೇ ಕಾಂಪ್ಲೆಕ್ಸ್. ಅಲ್ಲಿ −50 ಹರ್ಟ್ಸ್ ಎಂದರೆ ಟ್ಯೂನ್ ಮಾಡಿದ ಜಾಗಕ್ಕಿಂತ 50 ಹರ್ಟ್ಸ್ ಕೆಳಗಿರುವ ಬೇರೆಯೇ ಸಿಗ್ನಲ್. ಅದಕ್ಕೆ `rfft` ಹಾಕಬೇಡಿ, ದುಪ್ಪಟ್ಟೂ ಮಾಡಬೇಡಿ.